ಸಾಹೇಬರ ಷರಾ, ಮ್ಯಾನೇಜರ್ ರೇಟಿಂಗ್

ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿ ಕಾರ್ಯಪಾಲಕ ಎಂಜಿನಿಯರ್ ಆಗಿದ್ದ ದೇವ್ ದತ್ ಅವರ 1993-94ನೇ ಸಾಲಿನ ಗೌಪ್ಯ ವರದಿಯಲ್ಲಿ ಮೇಲಧಿಕಾರಿ ಬರೆದಿದ್ದು ‘ಉತ್ತಮ’ ಎಂದು. ಬೈಗುಳವಿಲ್ಲ, ಆರೋಪವಿಲ್ಲ, ಎಚ್ಚರಿಕೆಯೂ ಇಲ್ಲ. ಆದರೆ ಅವರು ಏರಬೇಕಿದ್ದ ಅಧೀಕ್ಷಕ ಎಂಜಿನಿಯರ್ ಹುದ್ದೆಗೆ ಹಿಂದಿನ ಐದು ವರ್ಷಗಳ ವರದಿಯಲ್ಲೂ ‘ಬಹಳ ಉತ್ತಮ’ ಎಂದೇ ಇರಬೇಕೆಂಬ ಅಳತೆಗೋಲಿತ್ತು. 1994ರ ಡಿಸೆಂಬರಿನಲ್ಲಿ ಇಲಾಖಾ ಮುಂಬಡ್ತಿ ಸಮಿತಿ ಕೂತಾಗ ಆ ಒಂದು ವರ್ಷದ ‘ಉತ್ತಮ’ ಅವರನ್ನು ಹೊರಗಿಟ್ಟಿತು. ಕಿರಿಯರು ಮೇಲೆ ಹೋದರು. ವರದಿಯಲ್ಲಿ ಹೀಗೊಂದು ಷರಾ ಇದೆ ಎಂಬುದನ್ನು ಇಲಾಖೆ ಅವರಿಗೆ ಹೇಳಿಯೇ ಇರಲಿಲ್ಲ. ಪ್ರತಿಕೂಲ ಷರಾ ಇದ್ದರೆ ಮಾತ್ರ ನೌಕರನಿಗೆ ತಿಳಿಸಬೇಕು, ‘ಉತ್ತಮ’ ಎಂಬುದು ಪ್ರತಿಕೂಲ ಹೇಗಾಗುತ್ತದೆ ಎಂಬುದು ಸರ್ಕಾರದ ವಾದ.

ಗುವಾಹಟಿ ಹೈಕೋರ್ಟಿನಲ್ಲಿ ಅವರು ಸೋತರು. 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಡುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಷರಾ ಯಾವ ಶಬ್ದದಲ್ಲಿದೆ ಎಂಬುದಕ್ಕಿಂತ ಅದು ನೌಕರನ ಮೇಲೆ ಏನು ಪರಿಣಾಮ ಮಾಡುತ್ತದೆ ಎಂಬುದು ಮುಖ್ಯ ಎಂದ ನ್ಯಾಯಾಲಯ, ಮುಂಬಡ್ತಿಯ ದಾರಿಗೆ ಅಡ್ಡ ಬರುವ ‘ಉತ್ತಮ’ ಕೂಡ ಪ್ರತಿಕೂಲವೇ ಎಂದಿತು. ಅಷ್ಟಕ್ಕೇ ನಿಲ್ಲದೆ, ಕಳಪೆಯಿಂದ ಹಿಡಿದು ಅತ್ಯುತ್ತಮದವರೆಗೆ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಲೇಬೇಕು ಎಂದು ಆದೇಶಿಸಿತು. ಸೇನೆಗೆ ಮಾತ್ರ ವಿನಾಯಿತಿ. ದೇವ್ ದತ್ ಅವರಿಗೆ ಆ ಹಳೆಯ ಷರಾವನ್ನು ತಿಳಿಸಿ, ಅವರ ಮನವಿ ಪಡೆದು ತೀರ್ಮಾನಿಸಬೇಕು, ದರ್ಜೆ ಏರಿದರೆ ಹಿಂದಿನಿಂದಲೇ ಮುಂಬಡ್ತಿಗೆ ಪರಿಗಣಿಸಬೇಕು ಎಂದಿತು. ಬೇರೆ ಪೀಠಗಳು ಇದಕ್ಕೆ ವಿರುದ್ಧವಾಗಿ ಹೇಳಿದ್ದುಂಟು. ಆ ಗೊಂದಲವನ್ನು 2013ರ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬಗೆಹರಿಸಿ, ದೇವ್ ದತ್ ತೀರ್ಪೇ ಸರಿ ಎಂದು ಎತ್ತಿಹಿಡಿಯಿತು.

ಇದೇ ಕತೆಯನ್ನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಹುಡುಗನಿಗೆ ಹೇಳಿದರೆ ಅವನಿಗೆ ಅರ್ಧ ಮಾತ್ರ ಅರ್ಥವಾಗುತ್ತದೆ. ಅವನ ಲೋಕದಲ್ಲೂ ಐದಕ್ಕೆ ಮೂರು ಸಿಕ್ಕವನು ಮುಖ ಬಾಡಿಸಿಕೊಳ್ಳುತ್ತಾನೆ. ಆದರೆ ಒಂದು ವರ್ಷದ ಅಂಕ ವರ್ಷಗಟ್ಟಲೆ ಕೋರ್ಟಿನಲ್ಲಿ ಬದುಕಿರುವುದು, ನಿವೃತ್ತಿಯ ನಂತರ ಪಿಂಚಣಿಯನ್ನು ಹೆಚ್ಚಿಸಬಹುದಾದ ಸಂಗತಿಯಾಗುವುದು ಅವನಿಗೆ ವಿಚಿತ್ರ. ಅವನಾಗಿದ್ದರೆ ಆರು ತಿಂಗಳಲ್ಲಿ ಬೇರೆ ಕಂಪನಿಗೆ ಹಾರಿರುತ್ತಿದ್ದ. ನನಗೆ ಕಾಣುವ ಮೂಲ ವ್ಯತ್ಯಾಸ ಇಲ್ಲೇ ಇದೆ. ಸರ್ಕಾರಿ ವರದಿ ಬರೆಯುವುದು ನೌಕರನನ್ನು ಕಂಡೇ ಇರದ, ಮುಂದೆ ಯಾವತ್ತೋ ಕೂರುವ ಸಮಿತಿಯೊಂದು ಓದಲಿ ಎಂದು. ಕಂಪನಿಯ ಅಪ್ರೈಸಲ್ ನಡೆಯುವುದು ಈ ವರ್ಷದ ಹಣವನ್ನು ಈಗ ಇರುವ ಮಂದಿಗೆ ಹಂಚಲಿಕ್ಕೆ. ಒಂದು ದಾಖಲೆ, ಇನ್ನೊಂದು ಹಂಚಿಕೆ. ಅಂಕ ಕೊಡುವ ರೀತಿ, ಬರೆಯುವ ಭಾಷೆ, ತಕರಾರು ಎತ್ತುವ ದಾರಿ ಇವೆಲ್ಲ ಬೇರೆಯಾಗಿರುವುದು ಈ ಒಂದು ಕಾರಣದಿಂದ.

ಇಲ್ಲಿ ಹೇಳುವುದು ಮುಖ್ಯವಾಗಿ ಕೇಂದ್ರ ಸರ್ಕಾರದ ಪದ್ಧತಿಯನ್ನು. ಕರ್ನಾಟಕದ ರಾಜ್ಯ ನೌಕರರಿಗೆ 2000ನೇ ಇಸವಿಯ ಕಾರ್ಯನಿರ್ವಹಣಾ ವರದಿ ನಿಯಮಗಳೇ ಪ್ರತ್ಯೇಕವಾಗಿವೆ, ನಮೂನೆ ಮತ್ತು ಗಡುವು ಬೇರೆ. ಆದರೆ ಕಚೇರಿಯ ಮಾತಿನಲ್ಲಿ ಎಲ್ಲ ಕಡೆಯೂ ಅದು ‘ಸಿ.ಆರ್.’ ಅಷ್ಟೇ. ‘ಈ ಸಲ ಸಿ.ಆರ್.ನಲ್ಲಿ ನೋಡ್ಕೊಳ್ತೀನಿ’ ಎಂಬ ಸಾಹೇಬರ ಬೆದರಿಕೆ ಮಂಗಳೂರಿನ ಕೇಂದ್ರ ಕಚೇರಿಯಲ್ಲೂ ಒಂದೇ, ಮಂಡ್ಯದ ತಾಲ್ಲೂಕು ಕಚೇರಿಯಲ್ಲೂ ಒಂದೇ.

ಕೇಂದ್ರದಲ್ಲಿ 2008-09ನೇ ಸಾಲಿನಿಂದ ಹಳೆಯ ಗೌಪ್ಯ ವರದಿಯ ಜಾಗಕ್ಕೆ ವಾರ್ಷಿಕ ಕಾರ್ಯನಿರ್ವಹಣಾ ಮೌಲ್ಯಮಾಪನ ವರದಿ ಬಂತು. ಕಚೇರಿಗಳಲ್ಲಿ ಇದನ್ನು ‘ಎಪಾರ್’ ಎನ್ನುತ್ತಾರೆ. ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ನೌಕರ ಮೊದಲು ತನ್ನ ಕೆಲಸದ ಸ್ವವಿವರ ತುಂಬುತ್ತಾನೆ: ಏನು ಗುರಿ ಇತ್ತು, ಎಷ್ಟು ಆಯಿತು, ಆಗದ್ದಕ್ಕೆ ಕಾರಣವೇನು. ಅದರ ಮೇಲೆ ನೇರ ಮೇಲಧಿಕಾರಿ ವರದಿ ಬರೆಯುತ್ತಾನೆ. ಅವನ ಮೇಲಿನವನು ಪುನರ್ ಪರಿಶೀಲಿಸುತ್ತಾನೆ, ಕೆಲವು ಹುದ್ದೆಗಳಿಗೆ ಮೂರನೆಯವನೊಬ್ಬ ಅಂಗೀಕರಿಸುತ್ತಾನೆ. ವರದಿ ಬರೆಯುವವನ ಕೈಕೆಳಗೆ ಕನಿಷ್ಠ ಮೂರು ತಿಂಗಳು ಕೆಲಸ ಮಾಡಿರಬೇಕೆಂಬುದು ನಿಯಮ. ನಿನ್ನೆ ಮೊನ್ನೆ ವರ್ಗವಾಗಿ ಬಂದ ಅಧಿಕಾರಿ ಕೈಗೆ ಪೆನ್ನು ತೆಗೆದುಕೊಳ್ಳುವಂತಿಲ್ಲ.

ಅಂಕ ಒಂದರಿಂದ ಹತ್ತರವರೆಗೆ. ಕೆಲಸದ ಫಲಿತಾಂಶಕ್ಕೆ ನೂರಕ್ಕೆ 40ರ ತೂಕ, ವೈಯಕ್ತಿಕ ಗುಣಗಳಿಗೆ 30, ಕಾರ್ಯಸಾಮರ್ಥ್ಯಕ್ಕೆ 30. ಒಟ್ಟು 8ರಿಂದ 10 ಬಂದರೆ ಅತ್ಯುತ್ತಮ, 6ರಿಂದ 8ರ ಒಳಗೆ ಬಹಳ ಉತ್ತಮ, 4ರಿಂದ 6ರ ಒಳಗೆ ಉತ್ತಮ. ಸ್ವಾರಸ್ಯವಿರುವುದು ಮುಂದೆ. ಮುಂಬಡ್ತಿಗಾಗಿ ಸರಾಸರಿ ಹಾಕುವಾಗ ಈ ದಶಮಾಂಶಗಳು ಉಳಿಯುವುದಿಲ್ಲ. ಅತ್ಯುತ್ತಮ ಅಂದರೆ 9, ಬಹಳ ಉತ್ತಮ ಅಂದರೆ 7, ಉತ್ತಮ ಅಂದರೆ 5, ನಾಲ್ಕಕ್ಕಿಂತ ಕೆಳಗಿನದೆಲ್ಲ ಸೊನ್ನೆ.

ಇದು ಕಾಗದದ ಮೇಲೆ ಹೇಗೆ ಆಡುತ್ತದೆ ಎಂದು ನೋಡಲು ಒಬ್ಬ ಕಾಲ್ಪನಿಕ ಅಧಿಕಾರಿಯನ್ನು ಇಟ್ಟುಕೊಳ್ಳೋಣ. ಕೆಲಸದ ಫಲಿತಾಂಶದಡಿ ನಾಲ್ಕು ಅಂಶಗಳಿವೆ: ಯೋಜಿಸಿದ ಕೆಲಸ ಮುಗಿಸಿದ್ದು, ಗುಣಮಟ್ಟ, ವಿಶ್ಲೇಷಣಾ ಶಕ್ತಿ, ಅನಿರೀಕ್ಷಿತ ಕೆಲಸ ನಿಭಾಯಿಸಿದ್ದು. ಮೂರಕ್ಕೆ ಆರಾರು, ಒಂದಕ್ಕೆ ಏಳು ಸಿಕ್ಕಿದೆ. ಸರಾಸರಿ 6.25, ಅದರ ನೂರಕ್ಕೆ 40 ಎಂದರೆ 2.5. ನಿಯಮಗಳ ತಿಳಿವಳಿಕೆ, ನಿರ್ಧಾರ ಕೈಗೊಳ್ಳುವುದು, ಸಮನ್ವಯ ಇತ್ಯಾದಿ ಆರು ಅಂಶಗಳ ಕಾರ್ಯಸಾಮರ್ಥ್ಯಕ್ಕೆ ಎಲ್ಲದರಲ್ಲೂ ಆರು, ಅದರಿಂದ 1.8. ಇನ್ನು ವೈಯಕ್ತಿಕ ಗುಣಗಳು ಒಂಬತ್ತು: ಕೆಲಸದ ಬಗೆಗಿನ ಮನೋಭಾವ, ಜವಾಬ್ದಾರಿ, ಶಿಸ್ತು, ಸಂವಹನ, ನಾಯಕತ್ವ, ತಂಡದಲ್ಲಿ ದುಡಿಯುವುದು, ಸಮಯಪಾಲನೆ, ಇತರರೊಂದಿಗಿನ ಸಂಬಂಧ, ಒಟ್ಟಾರೆ ವ್ಯಕ್ತಿತ್ವ. ಮೇಲಧಿಕಾರಿ ಮೂರಕ್ಕೆ ಆರು, ಉಳಿದ ಆರಕ್ಕೆ ಐದು ಕೊಟ್ಟಿದ್ದಾರೆ. ಒಟ್ಟು 48, ಸರಾಸರಿ 5.33, ಅದರಿಂದ ಬರುವುದು 1.6. ಮೂರೂ ಸೇರಿ 5.9. ದರ್ಜೆ ‘ಉತ್ತಮ’, ಸಮಿತಿಯ ಲೆಕ್ಕದಲ್ಲಿ 5.

ಈಗ ಸಂವಹನ, ಸಂಬಂಧ, ವ್ಯಕ್ತಿತ್ವ ಈ ಮೂರಕ್ಕೆ ಒಂದೊಂದು ಅಂಕ ಹೆಚ್ಚು ಸಿಕ್ಕಿತೆನ್ನಿ. ಮೊತ್ತ 51 ಆಗುತ್ತದೆ, ಈ ಭಾಗದಿಂದ 1.7 ಬರುತ್ತದೆ, ಒಟ್ಟು ಸರಿಯಾಗಿ 6. ದರ್ಜೆ ‘ಬಹಳ ಉತ್ತಮ’, ಸಮಿತಿಯ ಲೆಕ್ಕದಲ್ಲಿ 7. ಮಾಡಿದ ಕೆಲಸದಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಸಾಹೇಬರಿಗೆ ಆತ ಮೀಟಿಂಗಿನಲ್ಲಿ ಎದುರು ಮಾತಾಡುತ್ತಾನೆ ಎನ್ನಿಸಿದ್ದರೆ ಅದು ಸೇರಿಕೊಳ್ಳುವ ಜಾಗಗಳು ಇವೇ. 5.9 ಮತ್ತು 6ರ ನಡುವಿನ ಬೇಲಿ ಎಷ್ಟು ಎತ್ತರದ್ದು ಎಂಬುದು ಬರೆಯುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಹತ್ತಕ್ಕೆ ಐದೂವರೆ ಕೊಟ್ಟರೆ ಫಸ್ಟ್ ಕ್ಲಾಸಿನ ಹತ್ತಿರ ಹತ್ತಿರ ಕೊಟ್ಟ ಹಾಗೆ ಎಂದು ಶಾಲೆಯ ಲೆಕ್ಕ ಹಾಕುವ ಅಧಿಕಾರಿಗಳಿದ್ದಾರೆ. ಅವರು ಒಳ್ಳೆಯ ಮನಸ್ಸಿನಿಂದ ಬರೆದ ವರದಿಯೇ ಒಬ್ಬನ ಮುಂಬಡ್ತಿಯನ್ನು ತಡೆದು ನಿಲ್ಲಿಸಿರುತ್ತದೆ. ಈ ಬೇಲಿ ಈಗ ಮುಂಬಡ್ತಿಗೆ ಮಾತ್ರ ಇರುವುದೂ ಅಲ್ಲ. ಬಡ್ತಿ ಸಿಗದವರಿಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷಕ್ಕೊಮ್ಮೆ ವೇತನದ ಹಂತ ಏರಿಸುವ ಎಂಎಸಿಪಿ ಯೋಜನೆಗೂ 2016ರ ಜುಲೈ 25ರಿಂದ ‘ಬಹಳ ಉತ್ತಮ’ ಎಂಬುದೇ ಅಳತೆಗೋಲಾಯಿತು.

ಸರ್ಕಾರಿ ಪದ್ಧತಿಯಲ್ಲಿ ಇಷ್ಟು ಮಂದಿಗೆ ಮಾತ್ರ ಅತ್ಯುತ್ತಮ ಕೊಡಬೇಕೆಂಬ ಮಿತಿಯಿಲ್ಲ. ಒಂದು ವಿಭಾಗದ ಹತ್ತೂ ಜನ ಎಂಟರ ಮೇಲೆ ಪಡೆಯಬಹುದು. ಯಾರ ಜೇಬಿನಿಂದಲೂ ಏನೂ ಹೋಗುವುದಿಲ್ಲವಾದ್ದರಿಂದ ಅಧಿಕಾರಿಗಳು ಧಾರಾಳವಾಗಿ ಕೊಡುತ್ತಾರೆ. ಕೊಡದಿದ್ದರೆ ಮನವಿ, ವಿವರಣೆ, ಕೋರ್ಟು ಎಂದು ಅಲೆಯಬೇಕಾದವರು ತಾವೇ ಎಂಬ ಭಯವೂ ಇದೆ. ಹೀಗೆ ಎಲ್ಲರೂ ‘ಬಹಳ ಉತ್ತಮ’ ಆದ ಮೇಲೆ ಬರೀ ‘ಉತ್ತಮ’ನಾದವನು ಹಿಂದೆ ಬೀಳುತ್ತಾನೆ. ಇದಕ್ಕೆ ಕಡಿವಾಣ ಹಾಕಲೆಂದು ನಮೂನೆಯ ಸೂಚನೆಯಲ್ಲಿ ಒಂದು ಮಾತಿದೆ: 1 ಅಥವಾ 2, ಹಾಗೆಯೇ 9 ಅಥವಾ 10 ಕೊಡುವುದು ಅಪರೂಪವಾಗಿರಬೇಕು, ಕೊಟ್ಟರೆ ನಿರ್ದಿಷ್ಟ ಸಾಧನೆ ಅಥವಾ ವೈಫಲ್ಯವನ್ನು ಬರೆದು ಸಮರ್ಥಿಸಬೇಕು. ಪರಿಣಾಮ ಏನು ಎಂದರೆ ಸಮರ್ಥನೆಯ ರಗಳೆಯೇ ಬೇಡ ಎಂದು 8ರ ಆಸುಪಾಸಿನಲ್ಲಿ ಅಂಕ ಗುಂಪುಗೂಡುವುದು.

ಕಂಪನಿಯಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಮೊದಲು ಗೊತ್ತಾಗುವುದು ಹಣ, ಆಮೇಲೆ ಅಂಕ. ಈ ವರ್ಷ ವೇತನ ಏರಿಕೆಗೆ ಇಷ್ಟು, ವೇರಿಯಬಲ್ ಪೇಗೆ ಇಷ್ಟು ಎಂದು ಮೇಲಿನಿಂದ ಮೊತ್ತ ಇಳಿಯುತ್ತದೆ. ಅದನ್ನು ಹಂಚಲು ಜನರನ್ನು ಮೇಲೆ ಕೆಳಗೆ ಜೋಡಿಸಲೇಬೇಕು. ಜನರಲ್ ಎಲೆಕ್ಟ್ರಿಕ್‌ನ ಜಾಕ್ ವೆಲ್ಚ್ ಈ ಜೋಡಣೆಗೆ ಹೆಸರು ಮಾಡಿದವರು: ಮೇಲಿನ ನೂರಕ್ಕೆ 20 ಮಂದಿಗೆ ಬಹುಮಾನ, ನಡುವಿನ 70 ಮಂದಿಯನ್ನು ಬೆಳೆಸುವುದು, ಕೆಳಗಿನ 10 ಮಂದಿಗೆ ಬಾಗಿಲು. ಗಂಟೆಯಾಕಾರದ ಈ ರೇಖೆ, ಎಂದರೆ ಬೆಲ್ ಕರ್ವ್, ನಮ್ಮ ಐಟಿ ಕಂಪನಿಗಳಿಗೂ ಬಂತು. 2013ರಲ್ಲಿ ಮೈಕ್ರೋಸಾಫ್ಟ್ ಕಡ್ಡಾಯ ಶ್ರೇಯಾಂಕವನ್ನು ಕೈಬಿಟ್ಟಿತು. ಬೆಂಗಳೂರಿನ ಇನ್ಫೊಸಿಸ್ ಕೂಡ ಆ ನಂತರದ ವರ್ಷಗಳಲ್ಲಿ ಬೆಲ್ ಕರ್ವ್ ಬಿಟ್ಟ ಕಂಪನಿಗಳ ಸಾಲಿಗೆ ಸೇರಿತು. ಆದರೆ ಹಂಚುವ ಮೊತ್ತ ಮಿತವಾಗಿರುವವರೆಗೆ ರೇಖೆ ಹೋದರೂ ಅದರ ನೆರಳು ಹೋಗುವುದಿಲ್ಲ. ಹೆಸರು ಬದಲಾಗಿ ಈಗ ಅದು ‘ಕ್ಯಾಲಿಬ್ರೇಷನ್’.

ಹತ್ತು ಜನರ ತಂಡವಿದೆ ಎಂದುಕೊಳ್ಳಿ. ಮ್ಯಾನೇಜರ್ ಮೂವರಿಗೆ ಐದಕ್ಕೆ ನಾಲ್ಕು ಎಂದು ಬರೆದುಕೊಂಡು ಕ್ಯಾಲಿಬ್ರೇಷನ್ ಮೀಟಿಂಗಿಗೆ ಹೋಗುತ್ತಾಳೆ. ಅಲ್ಲಿ ಬೇರೆ ತಂಡಗಳ ಮ್ಯಾನೇಜರುಗಳೂ ತಮ್ಮ ತಮ್ಮ ಪಟ್ಟಿ ಹಿಡಿದು ಕೂತಿದ್ದಾರೆ, ಎಚ್‌ಆರ್‌ನವರು ಪರದೆಯ ಮೇಲೆ ಹಾಳೆ ತೆರೆದಿದ್ದಾರೆ. ನಾಲ್ಕಕ್ಕೆ ಇರುವ ಜಾಗ ಕಡಿಮೆ. ಯಾರ ಕೆಲಸ ಮೇಲಿನವರ ಕಣ್ಣಿಗೆ ಬಿದ್ದಿದೆ, ಯಾರ ಪ್ರಾಜೆಕ್ಟಿಗೆ ಗ್ರಾಹಕ ಮೆಚ್ಚಿ ಮೇಲ್ ಬರೆದಿದ್ದಾನೆ, ಯಾವ ಮ್ಯಾನೇಜರ್ ಗಟ್ಟಿಯಾಗಿ ವಾದಿಸುತ್ತಾರೆ ಎಂಬುದರ ಮೇಲೆ ಒಬ್ಬ ಮೂರಕ್ಕೆ ಇಳಿಯುತ್ತಾನೆ. ವಾರದ ನಂತರ ಅವನನ್ನು ಕೂರಿಸಿಕೊಂಡು ಆಕೆ ಹೇಳುತ್ತಾಳೆ: ‘ನೋಡಿ, ನಿಮ್ಮ ಕೆಲಸದ ಬಗ್ಗೆ ನನಗೇನೂ ತಕರಾರಿಲ್ಲ. ಆದ್ರೆ ಕ್ಯಾಲಿಬ್ರೇಷನ್‌ನಲ್ಲಿ ನಾಲ್ಕು ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ಮುಂದಿನ ಸೈಕಲ್‌ನಲ್ಲಿ ನೋಡೋಣ.’ ಸರ್ಕಾರಿ ಅಧಿಕಾರಿ ಈ ಮಾತು ಆಡುವಂತಿಲ್ಲ. ವರದಿಯಲ್ಲಿರುವ ಅಂಕ ನೌಕರನ ಕೆಲಸದ್ದೇ ಆಗಿರಬೇಕು, ಪಕ್ಕದವನಿಗೆ ಕೊಡಬೇಕಾಯಿತೆಂದು ಇವನದನ್ನು ಕಡಿಮೆ ಮಾಡಿದೆ ಎಂದು ಬರೆದರೆ ಆ ವರದಿ ಒಂದು ದಿನವೂ ನಿಲ್ಲುವುದಿಲ್ಲ.

ಇನ್ನು ಬರವಣಿಗೆಗೆ ಬರೋಣ. ಎಪಾರ್ ನಮೂನೆಯಲ್ಲಿ ಸುಮಾರು ನೂರು ಶಬ್ದಗಳಲ್ಲಿ ನೌಕರನ ಒಂದು ಚಿತ್ರಣ ಬರೆಯಬೇಕು. ಅವನ ಬಲ, ದೌರ್ಬಲ್ಯ, ದುರ್ಬಲ ವರ್ಗದವರ ಬಗ್ಗೆ ಅವನ ಧೋರಣೆ ಎಲ್ಲ ಅಲ್ಲಿ ಬರಬೇಕು. ನೂರು ಶಬ್ದವೆಂದರೆ ಒಂದು ಒಳ್ಳೆಯ ಪ್ಯಾರಾ. ಬಹುಪಾಲು ವರದಿಗಳಲ್ಲಿ ಅದು ‘ಶ್ರಮಜೀವಿ, ವಹಿಸಿದ ಕೆಲಸವನ್ನು ಸಮಯಕ್ಕೆ ಸರಿಯಾಗಿ ಮಾಡುತ್ತಾರೆ’ ಎಂಬ ಒಂದೂವರೆ ಸಾಲಿನಲ್ಲಿ ಮುಗಿದುಹೋಗುತ್ತದೆ. ಓದುವವರು ಅಪರಿಚಿತರಾದ್ದರಿಂದ ಇಲ್ಲಿ ಹೇಳಿದ್ದರಷ್ಟೇ ಹೇಳದೆ ಬಿಟ್ಟದ್ದೂ ಮಾತಾಡುತ್ತದೆ. ಲೆಕ್ಕಪತ್ರ ವಿಭಾಗದ ಮುಖ್ಯಸ್ಥನ ಬಗ್ಗೆ ‘ಸೌಜನ್ಯಶೀಲ, ಸಮಯಕ್ಕೆ ಸರಿಯಾಗಿ ಕಚೇರಿಗೆ ಬರುತ್ತಾರೆ’ ಎಂದಷ್ಟೇ ಬರೆದಿದ್ದರೆ ಸಮಿತಿಯಲ್ಲಿ ಕೂತವರು ಲೆಕ್ಕದ ಮಾತೇ ಇಲ್ಲವಲ್ಲ ಎಂದು ಗಮನಿಸುತ್ತಾರೆ.

ಮೌನಕ್ಕೆ ಅತಿ ದೊಡ್ಡ ಅರ್ಥ ಬರುವುದು ಪ್ರಾಮಾಣಿಕತೆಯ ಕಾಲಮಿನಲ್ಲಿ. ಕೇಂದ್ರದಲ್ಲಿ 1965ರಿಂದ ನಡೆದು ಬಂದ ಸೂಚನೆ ಹೀಗಿದೆ. ಸಂಶಯವೇ ಇಲ್ಲದಿದ್ದರೆ ‘ಸಂಶಯಾತೀತ’ ಎಂದು ಬರೆಯಬೇಕು. ಅನುಮಾನವಿದ್ದರೆ ಅನುಮಾನವನ್ನು ಅಲ್ಲಿ ಬರೆಯುವಂತಿಲ್ಲ. ಕಾಲಮನ್ನು ಖಾಲಿ ಬಿಟ್ಟು, ಪ್ರತ್ಯೇಕ ರಹಸ್ಯ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿ, ವಿಚಾರಿಸಿ ತಿಳಿಯಬೇಕು. ಅನುಮಾನ ನಿವಾರಣೆಯಾದರೆ ಕಾಲಮಿನಲ್ಲಿ ಪ್ರಮಾಣೀಕರಿಸಬೇಕು, ನಿಜವೆಂದು ಕಂಡರೆ ಅದನ್ನು ದಾಖಲಿಸಿ ನೌಕರನಿಗೆ ತಿಳಿಸಬೇಕು. ಗಾಳಿಮಾತಿನ ಮೇಲೆ ಒಬ್ಬನ ಹೆಸರು ಕೆಡಬಾರದು, ಹಾಗೆಂದು ಅನುಮಾನವನ್ನು ನುಂಗಿಕೊಂಡು ಸುಳ್ಳು ಪ್ರಮಾಣಪತ್ರವನ್ನೂ ಕೊಡಬಾರದು ಎಂಬ ಲೆಕ್ಕಾಚಾರ ಇದರ ಹಿಂದಿದೆ. ಕಾಗದದ ಮೇಲೆ ಇದು ಬಹಳ ಜಾಣತನದ ಏರ್ಪಾಡು. ಎಡವುವುದು ಆಚರಣೆಯಲ್ಲಿ. ಟಿಪ್ಪಣಿ ಬರೆಯುವ ಧೈರ್ಯವಿಲ್ಲದೆ ಕಾಲಮನ್ನು ಸುಮ್ಮನೆ ಖಾಲಿ ಬಿಡುವವರಿದ್ದಾರೆ, ‘ದೂರು ಏನೂ ಬಂದಿಲ್ಲ’ ಎಂದು ಜಾರಿಕೊಳ್ಳುವವರಿದ್ದಾರೆ. ತನ್ನ ವರದಿಯ ಪ್ರತಿ ಕೈಗೆ ಬಂದಾಗ ನೌಕರ ಅಂಕಕ್ಕಿಂತ ಮೊದಲು ನೋಡಬೇಕಾದ ಜಾಗ ಇದು. ಹಿಂದಿನ ವರ್ಷ ‘ಸಂಶಯಾತೀತ’ ಇದ್ದು ಈ ವರ್ಷ ಖಾಲಿ ಇದ್ದರೆ ಕೇಳಲೇಬೇಕು.

ಕಂಪನಿಯ ಫಾರಂನಲ್ಲಿ ಪ್ರಾಮಾಣಿಕತೆಯ ಕಾಲಮ್ ಸಾಮಾನ್ಯವಾಗಿ ಇರುವುದೇ ಇಲ್ಲ. ಹಣದ ಗೋಲ್‌ಮಾಲ್ ಕಂಡರೆ ಅದು ಬೇರೆ ವಿಚಾರಣೆಯ ವಿಷಯ, ಅಪ್ರೈಸಲ್‌ನದಲ್ಲ. ಅಲ್ಲಿನ ಭಾಷೆಗೆ ಬೇರೆಯದೇ ಜಾಡು ಬಿದ್ದಿದೆ. ಓದುವವನು ಎದುರಿಗೇ ಇದ್ದಾನೆ, ನಾಳೆಯೂ ಅವನಿಂದ ಕೆಲಸ ತೆಗೆಯಬೇಕು, ಆದ್ದರಿಂದ ಕಹಿ ಗುಳಿಗೆಗೆ ಸಕ್ಕರೆ ಬಳಿಯುತ್ತಾರೆ. ದೌರ್ಬಲ್ಯ ಎನ್ನುವುದಿಲ್ಲ, ‘ಸುಧಾರಣೆಗೆ ಅವಕಾಶ’ ಎನ್ನುತ್ತಾರೆ. ‘ನಿಮ್ಮ ವಿಸಿಬಿಲಿಟಿ ಹೆಚ್ಚಬೇಕು’ ಎಂದರೆ ಮೇಲಿನವರಿಗೆ ನೀವು ಯಾರೆಂದೇ ಗೊತ್ತಿಲ್ಲ ಎಂದರ್ಥ. ಅಲ್ಲಿ ನಿಜಕ್ಕೂ ಹೆದರಬೇಕಾದ್ದು ಕೆಟ್ಟ ಅಂಕಕ್ಕಲ್ಲ, ಅದರ ಜೊತೆ ಬರುವ ‘ಪಿಪ್’ ಎಂಬ ಸುಧಾರಣಾ ಯೋಜನೆಗೆ. ಇಷ್ಟು ವಾರದಲ್ಲಿ ಇಷ್ಟಿಷ್ಟು ಮಾಡಿ ತೋರಿಸಿ ಎಂಬ ಆ ಪತ್ರ ಮೃದುವಾಗಿ, ಸಹಾಯ ಮಾಡುವ ಧಾಟಿಯಲ್ಲೇ ಇರುತ್ತದೆ. ಪಡೆದವರಲ್ಲಿ ಬಹಳ ಮಂದಿ ಅದನ್ನು ಓದಿದ ಸಂಜೆಯೇ ಬಯೊಡೇಟಾ ತಿದ್ದಲು ಕೂರುತ್ತಾರೆ. ಸರ್ಕಾರಿ ವರದಿಯಲ್ಲಿ ಕಟುವಾದ ಮಾತಿದ್ದರೂ ಕೆಲಸ ಹೋಗುವ ಭಯ ಅಷ್ಟಿಲ್ಲ, ಕಂಪನಿಯಲ್ಲಿ ಮಾತು ಮೆತ್ತಗಿದ್ದಷ್ಟೂ ಎಚ್ಚರವಾಗಿರಬೇಕು.

ತಕರಾರಿನ ವಿಷಯದಲ್ಲಿ ಎರಡೂ ಲೋಕಗಳು ದೂರ ದೂರ. ಕೇಂದ್ರ ಸಿಬ್ಬಂದಿ ಇಲಾಖೆಯ 2009ರ ಮೇ 14ರ ಆದೇಶದಂತೆ, ಒಟ್ಟು ದರ್ಜೆ ಮತ್ತು ಪ್ರಾಮಾಣಿಕತೆಯ ಷರಾ ಸೇರಿ ಇಡೀ ವರದಿಯನ್ನು ನೌಕರನಿಗೆ ಕೊಡಬೇಕು. ಅವನಿಗೆ ಮನವಿ ಸಲ್ಲಿಸಲು 15 ದಿನ. ಮನವಿ ಬಂದ 30 ದಿನದಲ್ಲಿ ಸಕ್ಷಮ ಪ್ರಾಧಿಕಾರ ತೀರ್ಮಾನಿಸಬೇಕು. ವರದಿ ಬರೆದವರ ಅಭಿಪ್ರಾಯ ಕೇಳಿದರೂ ತೀರ್ಮಾನ ನ್ಯಾಯಾಧೀಶನ ಹಾಗೆ, ಕಾರಣ ಕೊಟ್ಟು ಮಾಡಬೇಕು. ಬಯಸಿದರೆ ದರ್ಜೆ ಏರಿಸಬಹುದು.

ಹದಿನೈದು ದಿನದಲ್ಲಿ ಏನು ಬರೆಯುತ್ತಾರೆ ಎಂಬುದರ ಮೇಲೆ ಮನವಿಯ ಹಣೆಬರಹ ನಿಂತಿದೆ. ಮನವಿ ವರದಿಯಲ್ಲಿರುವ ನಿರ್ದಿಷ್ಟ ಸಂಗತಿಗಳಿಗೆ ಸೀಮಿತವಾಗಿರಬೇಕೆಂದು ಆದೇಶದಲ್ಲೇ ಇದೆ. ಆದರೂ ಎಷ್ಟೋ ಮನವಿಗಳು ‘ಇಪ್ಪತ್ತು ವರ್ಷ ನಿಷ್ಠೆಯಿಂದ ದುಡಿದಿದ್ದೇನೆ, ಮನೆಯಲ್ಲಿ ಕಷ್ಟವಿದೆ, ಸಾಹೇಬರಿಗೆ ನನ್ನ ಮೇಲೆ ಹಗೆ’ ಎಂದು ಹೋಗುತ್ತವೆ ಮತ್ತು ಹಾಗೆಯೇ ತಿರಸ್ಕೃತವಾಗುತ್ತವೆ. ನಮ್ಮ 5.9ರ ಅಧಿಕಾರಿ ಏನು ಬರೆಯಬಹುದು ನೋಡಿ. ಸಂವಹನಕ್ಕೆ ಐದು ಎಂದಿದ್ದಾರೆ, ಅದೇ ವರ್ಷ ಸಂಸದೀಯ ಪ್ರಶ್ನೆಗಳಿಗೆ ನಾನು ಸಿದ್ಧಪಡಿಸಿದ ಉತ್ತರಗಳ ಕರಡು ತಿದ್ದುಪಡಿಯಿಲ್ಲದೆ ಅಂಗೀಕಾರವಾಗಿದೆ, ಕಡತ ಸಂಖ್ಯೆ ಇಂಥದು. ಸಮಯಪಾಲನೆಗೆ ಐದು ಎಂದಿದ್ದಾರೆ, ನನ್ನ ಸ್ವವಿವರದಲ್ಲಿ ಎಲ್ಲ ಗುರಿಗಳೂ ಗಡುವಿನೊಳಗೆ ಮುಗಿದಿವೆ ಎಂದಿದೆ, ವರದಿ ಮಾಡುವ ಅಧಿಕಾರಿ ಆ ಸ್ವವಿವರವನ್ನು ಒಪ್ಪಿದ್ದೇನೆ ಎಂದೂ ಬರೆದಿದ್ದಾರೆ, ಹಾಗಾದರೆ ಈ ಐದಕ್ಕೆ ಆಧಾರವೇನು? ಹಿಂದಿನ ವರ್ಷ ಇದೇ ಅಧಿಕಾರಿ ಇದೇ ಅಂಶಕ್ಕೆ ಏಳು ಕೊಟ್ಟಿದ್ದಾರೆ, ನಡುವೆ ಒಂದೂ ಮೆಮೊ ಬಂದಿಲ್ಲ, ಮೌಖಿಕ ಎಚ್ಚರಿಕೆಯೂ ಇಲ್ಲ. ಇಂಥ ಮನವಿಗೆ ‘ನನ್ನ ಮೌಲ್ಯಮಾಪನಕ್ಕೆ ಬದ್ಧನಾಗಿದ್ದೇನೆ’ ಎಂಬ ಒಂದು ಸಾಲಿನ ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ಕಷ್ಟ.

ಕೊನೆಯ ಅಂಶಕ್ಕೆ ಕೋರ್ಟಿನ ಬೆಂಬಲವೂ ಇದೆ. 1996ರ ಉತ್ತರ ಪ್ರದೇಶ ಜಲ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಂದು ವರ್ಷ ಅತ್ಯುತ್ತಮ ಎನಿಸಿದವನನ್ನು ಮುಂದಿನ ವರ್ಷ ಒಮ್ಮೆಲೇ ಕೆಳದರ್ಜೆಗೆ ಇಳಿಸಿದರೆ ಯಾಕೆ ಇಳಿಸಿದ್ದು ಎಂಬ ಕಾರಣ ದಾಖಲಾಗಬೇಕು, ಅವನಿಗೆ ತಿಳಿಸಲೂ ಬೇಕು ಎಂದಿತ್ತು.

ಮನವಿ ತಿರಸ್ಕಾರವಾದರೆ ಮುಂದಿನ ಮೆಟ್ಟಿಲು ನ್ಯಾಯಮಂಡಳಿ. ಕೇಂದ್ರ ನೌಕರರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿ, ಕರ್ನಾಟಕದವರಿಗೆ ಬೆಂಗಳೂರಿನಲ್ಲಿರುವ, ಬೆಳಗಾವಿ ಕಲಬುರಗಿಗಳಲ್ಲಿ ಪೀಠಗಳಿರುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯಂತೆ ಮೊದಲು ಇಲಾಖೆಯೊಳಗಿನ ದಾರಿಗಳೆಲ್ಲ ಮುಗಿದಿರಬೇಕು, ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆದರೆ ನ್ಯಾಯಮಂಡಳಿ ತಾನೇ ಪೆನ್ನು ಹಿಡಿದು 5.9ನ್ನು 6.2 ಮಾಡುತ್ತದೆ ಎಂದು ಯಾರೂ ನಂಬಿಕೊಳ್ಳಬಾರದು. ಅದು ನೋಡುವುದು ಕ್ರಮ ಸರಿಯಿತ್ತೇ ಎಂದು. ಮೂರು ತಿಂಗಳೂ ಕೈಕೆಳಗೆ ಇರದವನ ವರದಿ ಬರೆದರೇ? ವರದಿಯನ್ನು ತಿಳಿಸಿದರೇ? ಮನವಿಗೆ ಕಾರಣ ಸಹಿತ ಉತ್ತರ ಕೊಟ್ಟರೇ? ದ್ವೇಷಕ್ಕೆ ಪುರಾವೆ ಇದೆಯೇ? ತಪ್ಪು ಕಂಡರೆ ಸಾಮಾನ್ಯವಾಗಿ ಮತ್ತೆ ಪರಿಶೀಲಿಸಿ ಎಂದು ಇಲಾಖೆಗೇ ವಾಪಸು ಕಳಿಸುತ್ತದೆ. ಹಾಗಾಗಿ ಗೆದ್ದವನೂ ಇನ್ನೊಂದು ಸುತ್ತು ಕಾಯುತ್ತಾನೆ. ಪಕ್ಕದ ಕುರ್ಚಿಯವನಿಗೆ ಎಷ್ಟು ಕೊಟ್ಟಿದ್ದಾರೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ ಹೋಲಿಸೋಣವೆಂದರೆ ಅದಕ್ಕೂ ತಡೆ ಇದೆ. ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ, ನೌಕರನ ಕಾರ್ಯನಿರ್ವಹಣೆಯ ವಿವರ ಅವನ ಮತ್ತು ಉದ್ಯೋಗದಾತನ ನಡುವಿನ ವೈಯಕ್ತಿಕ ಮಾಹಿತಿ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಖಾಸಗಿ ಕಂಪನಿಯ ಉದ್ಯೋಗಿಗೆ ಈ ಮೆಟ್ಟಿಲುಗಳೇ ಇಲ್ಲ. ಸಮಾನತೆಯನ್ನು ಹೇಳುವ ಸಂವಿಧಾನದ 14 ಮತ್ತು 16ನೇ ವಿಧಿಗಳನ್ನು ಸರ್ಕಾರದ ಎದುರು ಹಿಡಿಯಬಹುದೇ ಹೊರತು ಖಾಸಗಿ ಮಾಲೀಕನ ಎದುರು ಅಲ್ಲ. ‘ನನಗೆ ಮೂರು ಕೊಟ್ಟದ್ದು ತಪ್ಪು, ನಾಲ್ಕು ಕೊಡಿಸಿ’ ಎಂಬ ದಾವೆ ಅಲ್ಲಿ ನಡೆಯುವುದಿಲ್ಲ. ರೇಟಿಂಗ್ ಕಾರಣವಾಗಿ ಕೆಲಸದಿಂದಲೇ ತೆಗೆದರೆ, ಕಾರ್ಮಿಕ ಕಾನೂನಿನ ವ್ಯಾಖ್ಯೆಯೊಳಗೆ ಬರುವವರಿಗೆ ಒಂದು ದಾರಿ ಇದೆ. ಅದರ ಹೊರಗಿರುವ ಮ್ಯಾನೇಜರುಗಳಿಗೆ ಬಹುತೇಕ ಉಳಿಯುವುದು ಕರಾರಿನಲ್ಲಿ ಬರೆದ ನೋಟಿಸ್ ಅವಧಿಯ ಸಂಬಳ. ಕರ್ನಾಟಕದಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಇಲ್ಲಿನ ಐಟಿ ಉದ್ಯಮಕ್ಕೆ ಸರ್ಕಾರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಷರತ್ತಿನ ಮೇಲೆ ವಿನಾಯಿತಿ ಕೊಡುತ್ತ ಬಂದಿತ್ತು, ಕುಂದುಕೊರತೆ ಸಮಿತಿ ಇರಬೇಕು, ವಜಾ, ಹಿಂಬಡ್ತಿಯಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬುದು ಆ ಷರತ್ತುಗಳಲ್ಲಿದ್ದವು. ರೇಟಿಂಗಿನ ತಕರಾರನ್ನು ಅಲ್ಲಿಗೆ ಒಯ್ಯಲು ಅಡ್ಡಿಯಿರಲಿಲ್ಲ. ಆದರೆ ನಡೆಯುವುದು ಬೇರೆ ಥರ: ಮೊದಲು ಮ್ಯಾನೇಜರ್ ಜೊತೆ ಮಾತು, ಆಮೇಲೆ ಅವರ ಮೇಲಿನವರ ಜೊತೆ, ಆಮೇಲೆ ಎಚ್‌ಆರ್. ವೇತನ ಏರಿಕೆಯ ಪತ್ರ ಹೊರಬೀಳುವ ಮುನ್ನ ಮಾತಾಡಿದರೆ ಅಂಕ ಬದಲಾಗುವ ಸಾಧ್ಯತೆ ಒಂದಿಷ್ಟಿದೆ, ಹೊರಬಿದ್ದ ಮೇಲೆ ಹಂಚಲು ಹಣವೇ ಉಳಿದಿರುವುದಿಲ್ಲ. ಅಲ್ಲಿ ಜನ ನಿಜವಾಗಿ ಬಳಸುವ ಮೇಲ್ಮನವಿ ಬೇರೆ ಕಂಪನಿಯ ಆಫರ್ ಲೆಟರ್.

ಹಾಗೆ ಹೋದವನ ಹಿಂದೆ ಹಳೆಯ ರೇಟಿಂಗ್ ಸಾಮಾನ್ಯವಾಗಿ ಹೋಗುವುದಿಲ್ಲ. ಹೊಸ ಕಂಪನಿ ಸಂಬಳದ ಚೀಟಿ ಕೇಳುತ್ತದೆ, ಬಿಡುಗಡೆ ಪತ್ರ ಕೇಳುತ್ತದೆ, ಮೂರು ವರ್ಷದ ಹಿಂದೆ ಐದಕ್ಕೆ ಎರಡು ಬಂದಿತ್ತೇ ಎಂದು ಕೇಳುವುದು ಅಪರೂಪ. ಸರ್ಕಾರಿ ನೌಕರನ ವರದಿಗಳು ವರ್ಗವಾದಲ್ಲಿಗೆ, ನಿಯೋಜನೆಯ ಮೇಲೆ ಹೋದಲ್ಲಿಗೆ ಅವನ ಜೊತೆಯೇ ಬರುತ್ತವೆ. ಕೇಂದ್ರ ನೌಕರರ ಮೂಲಭೂತ ನಿಯಮ 56(ಜೆ) ಪ್ರಕಾರ, 35 ವರ್ಷದೊಳಗೆ ಸೇವೆಗೆ ಸೇರಿದ ಎ ಮತ್ತು ಬಿ ಗುಂಪಿನವರನ್ನು 50 ತುಂಬಿದ ಮೇಲೆ, ಉಳಿದವರನ್ನು 55 ತುಂಬಿದ ಮೇಲೆ ಸಾರ್ವಜನಿಕ ಹಿತದ ಕಾರಣ ಕೊಟ್ಟು ಕಡ್ಡಾಯವಾಗಿ ನಿವೃತ್ತಿಗೊಳಿಸಬಹುದು. ಆ ಪರಿಶೀಲನೆಗೆ ಕೂತ ಸಮಿತಿಯ ಮುಂದೆ ಬರುವುದು ಐದು ವರ್ಷದ ವರದಿಗಳಲ್ಲ, ಸೇರಿದ ದಿನದಿಂದ ಇಂದಿನವರೆಗಿನ ಇಡೀ ಸೇವಾ ದಾಖಲೆ. ಇತ್ತೀಚಿನ ವರ್ಷಗಳಿಗೆ ಹೆಚ್ಚು ಬೆಲೆ ಕೊಡಬೇಕು ಎಂದು 1992ರಲ್ಲಿ ಬೈಕುಂಠನಾಥ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ತೀರ್ಪಿನಲ್ಲಿ, ನೌಕರನಿಗೆ ತಿಳಿಸದೆ ಉಳಿದ ಪ್ರತಿಕೂಲ ಷರಾಗಳನ್ನೂ ಸಮಿತಿ ನೋಡಿದ್ದರೆ ಅಷ್ಟರಿಂದಲೇ ಕಡ್ಡಾಯ ನಿವೃತ್ತಿಯ ಆದೇಶ ಬಿದ್ದುಹೋಗುವುದಿಲ್ಲ ಎಂದೂ ಹೇಳಿತು.